ಹದಿನಾಲ್ಕು ಸಲ ‘ಖ್ರಪ್’ ಅಂದವನು ಒಮ್ಮೆಯೂ ಒಪ್ಪಿರಲಿಲ್ಲ

ಬ್ಯಾಂಕಾಕಿನಲ್ಲಿ ಒಬ್ಬ ಮಾಲೀಕ ಫೋನಿನಲ್ಲಿ ನನ್ನ ಮಾತಿಗೆ 14 ಸಲ ‘ಖ್ರಪ್’ ಅಂದ. ನಾನು ಅದನ್ನು 14 ಸಲ ‘ಹೌದು’ ಅಂತ ಕೇಳಿಸಿಕೊಂಡೆ. ಫೋನ್ ಇಟ್ಟ ಕೂಡಲೇ ಊರಿಗೆ ಹಚ್ಚಿ ಅಕ್ಕನಿಗೆ ಹೇಳಿಬಿಟ್ಟೆ. “ಒಪ್ಪಿಕೊಂಡಾರಕ್ಕಾ. ದವಾಖಾನಿ ಬಿಲ್ಲೂ ಕೊಡ್ತಾರ, ಎರಡು ತಿಂಗಳ ಪಗಾರೂ ಕೊಡ್ತಾರ.” ಅಕ್ಕ ಆ ಕಡೆ ಅಳುತ್ತಾ ದೇವರಿಗೆ ಕೈಮುಗಿದದ್ದು ಇಲ್ಲಿಗೇ ಕೇಳಿಸಿತು.

ಮರುದಿನ ಗೊತ್ತಾಯಿತು, ಆ ಮನುಷ್ಯ ಏನನ್ನೂ ಒಪ್ಪಿರಲಿಲ್ಲ.

ಭಾವ ಅಲ್ಲಿ ಒಂದು ಇಂಡಿಯನ್ ಊಟದ ಹೋಟೆಲಿನಲ್ಲಿ ಮೂರು ವರ್ಷದಿಂದ ಅಡುಗೆಯವರು. ಪೂರಿ ಕರಿಯುವ ಬಾಣಲೆ ಜಾರಿ ಬಲಗೈ ಮತ್ತು ತೊಡೆಯ ಮೇಲೆ ಎಣ್ಣೆ ಬಿತ್ತು. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಬಳಿ. ಎಂದೋ ದುಬೈಗೆ ಹೋಗುವ ಆಸೆಗೆ ಮಾಡಿಸಿಟ್ಟಿದ್ದು. ಥಾಯ್ಲೆಂಡಿಗೆ ನಮ್ಮವರು ಮೊದಲೇ ವೀಸಾ ಮಾಡಿಸಬೇಕಿಲ್ಲ ಅಂತ ಗೊತ್ತಾದ ಮೇಲೆ ಸಾಲ ಮಾಡಿ ಟಿಕೆಟ್ ತಗೊಂಡೆ. ಹಾವೇರಿಯಿಂದ ಬೆಂಗಳೂರಿಗೆ ಹೋಗಲು ಬೇಕಾದದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬೆಂಗಳೂರಿನಿಂದ ಬ್ಯಾಂಕಾಕ್ ಬಂತು.

ದವಾಖಾನೆಯಲ್ಲಿ ಮೊದಲು ಕಿವಿಗೆ ಬಿದ್ದ ಪದ ‘ಖ್ರಪ್’ ಅಲ್ಲ, ‘ಖಾ’. ನರ್ಸ್‌ಗಳು ಏನೇ ಹೇಳಲಿ, ಕೊನೆಗೆ ಖಾ. ನಮ್ಮ ‘ಖಾರ’ದ ಖಾ ಅಷ್ಟು ಉದ್ದವಿಲ್ಲ, ಮೊಟಕಾಗಿ ನಿಲ್ಲುತ್ತದೆ. ಥ್ಯಾಂಕ್ಸ್ ಹೇಳಲು ‘ಖೋಪ್ ಖುನ್ ಖಾ’ ಅನ್ನುತ್ತಾರೆ ಅಂತ ಅವರ ಬಾಯಿಂದಲೇ ಕಲಿತೆ. ಡ್ರೆಸಿಂಗ್ ಮಾಡಿ ಹೊರಟ ನರ್ಸಿಗೆ ಅಷ್ಟೇ ವಿನಯದಿಂದ ಖೋಪ್ ಖುನ್ ಖಾ ಅಂದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಕ್ಕದ ಮಂಚದ ಮುದುಕನೂ ನಕ್ಕ. ಭಾವ ನೋವಿನಲ್ಲೂ ನಗುತ್ತಾ ಅಂದರು, “ಹೆಣಮಕ್ಕಳ ಮಾತು ಅದು. ನೀ ಖ್ರಪ್ ಅನ್ಬೇಕು.”

ನಾನು ತಿಳಿದದ್ದು, ಹೆಂಗಸಿಗೆ ಹೇಳುವಾಗ ಖಾ, ಗಂಡಸಿಗೆ ಹೇಳುವಾಗ ಖ್ರಪ್ ಅಂತ. ಅದು ಉಲ್ಟಾ. ಯಾರಿಗೆ ಹೇಳುತ್ತೀರಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಹೇಳುವವರು ಯಾರು ಅನ್ನುವುದಷ್ಟೇ ಲೆಕ್ಕ. ಗಂಡಸು ಹೆಂಗಸಿಗೆ ಹೇಳಲಿ, ಗಂಡಸಿಗೆ ಹೇಳಲಿ, ಖ್ರಪ್. ಹೆಂಗಸು ಯಾರಿಗೆ ಹೇಳಿದರೂ ಖಾ. ಥಾಯ್ ಹೆಂಡತಿಯಿಂದಲೋ ಟೀಚರಮ್ಮನಿಂದಲೋ ಭಾಷೆ ಕಲಿಯುವ ಪರದೇಶದ ಗಂಡಸರು ಮಾಡುವ ಮೊದಲ ತಪ್ಪೇ ಇದಂತೆ.

ಉತ್ತರ ಕರ್ನಾಟಕದವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮಲ್ಲಿ ‘ರಿ’ ಇದೆಯಲ್ಲ. ಅಂಗಡಿಗೆ ಹೋಗಿ “ಉಪ್ಪು ಐತೇನ್ರಿ?” ಅಂದರೆ “ಐತ್ರಿ” ಅಂತಲೋ “ಇಲ್ರಿ” ಅಂತಲೋ ಉತ್ತರ ಬರುತ್ತದೆ. ಥಾಯ್ ಭಾಷೆಯಲ್ಲೂ ಥೇಟ್ ಹಾಗೆಯೇ. ಇದೆ ಅನ್ನುವುದಕ್ಕೆ ಅವರ ಪದ ‘ಮೀ’. ಐತ್ರಿ ಅನ್ನಲು ಅಂಗಡಿಯಾಕೆ ‘ಮೀ ಖಾ’ ಅನ್ನುತ್ತಾಳೆ, ಅಂಗಡಿಯವ ‘ಮೀ ಖ್ರಪ್’ ಅನ್ನುತ್ತಾನೆ. ಇಲ್ರಿ ಅನ್ನಲು ‘ಮಾಯ್ ಮೀ ಖಾ’. ಎಲ್ಲಕ್ಕೂ ಸಲ್ಲುವ ಒಂದೇ ‘ಹೌದು’ ಅಲ್ಲಿ ಇಲ್ಲ. ಕೇಳಿದ ಕ್ರಿಯಾಪದವನ್ನೇ ವಾಪಸ್ ಹೇಳಿ, ಕೊನೆಗೆ ಖಾ ಅಥವಾ ಖ್ರಪ್ ಹಚ್ಚಬೇಕು.

ಆದರೆ ನಮ್ಮ ರಿ ಎದುರಿನವರನ್ನು ನೋಡಿ ಬರುತ್ತದೆ. ಹಿರಿಯರಿಗೆ ಬರ್ರಿ, ತಮ್ಮನಿಗೆ ಬಾ. ನಮಗೆ ಮರ್ಯಾದೆ ಕ್ರಿಯಾಪದದ ಒಳಗೇ ಕೂತಿದೆ. ಥಾಯ್ ಭಾಷೆಯಲ್ಲಿ ಬಾ ಅನ್ನುವುದಕ್ಕೆ ‘ಮಾ’ ಅನ್ನುತ್ತಾರೆ. ತಮ್ಮ ಬಂದರೂ ಮಾ, ಸಾಹೇಬರು ಬಂದರೂ ಮಾ, ಪದ ಬಾಗುವುದಿಲ್ಲ. ರಾಜಮನೆತನಕ್ಕೆ ಬೇರೆ ಪದಗಳೇ ಇವೆ, ಅದನ್ನು ಬಿಡಿ. ದಿನದ ಮಾತಿನಲ್ಲಿ ಮರ್ಯಾದೆಯ ಭಾರದಲ್ಲಿ ದೊಡ್ಡ ಪಾಲು ವಾಕ್ಯದ ಕೊನೆಯ ಆ ಒಂದು ಅಕ್ಷರದ ಮೇಲೆ ಬೀಳುತ್ತದೆ. ಅದನ್ನು ಬಿಟ್ಟರೆ ವಾಕ್ಯದ ಅರ್ಥ ಕೆಡುವುದಿಲ್ಲ, ಮಾತು ಮಾತ್ರ ಬೋಳಾಗುತ್ತದೆ. ನಾನು ಮೊದಲ ಎರಡು ದಿನ ನೀರು, ಬಿಲ್ಲು, ಡಾಕ್ಟರ್ ಅಂತ ಬರೀ ಪದಗಳನ್ನು ಎಸೆಯುತ್ತಿದ್ದೆ. ಕೌಂಟರಿನಲ್ಲಿದ್ದವರು ಮುಖ ಬಿಗಿ ಮಾಡುತ್ತಿದ್ದದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಅವರ ಕಿವಿಗೆ ನಾನು ಪ್ರತಿ ಸಲವೂ ಏಕವಚನದಲ್ಲಿ ಗದರುತ್ತಿದ್ದೆ.

ಖಾ ಅನ್ನುವುದರಲ್ಲೂ ಎರಡು ಬಗೆ ಇದೆ. ಹೇಳುವಾಗ ದನಿ ಇಳಿಯುತ್ತದೆ, ಕೇಳುವಾಗ ಮೇಲೇ ನಿಲ್ಲುತ್ತದೆ. ನಾವು “ಹೂಂ?” ಅಂತ ಕೇಳುವುದಕ್ಕೂ “ಹೂಂ” ಅಂತ ಒಪ್ಪುವುದಕ್ಕೂ ಎಷ್ಟು ಫರಕು ಇದೆಯೋ ಹೆಚ್ಚುಕಡಿಮೆ ಅಷ್ಟು. ಬರೆಯುವಾಗಲೂ ಎರಡಕ್ಕೂ ಬೇರೆ ಗುರುತು. ಅದನ್ನು ಅದಲುಬದಲು ಮಾಡಿ ಬರೆದವರನ್ನು ಅಲ್ಲಿಯವರೇ ಆಡಿಕೊಳ್ಳುತ್ತಾರೆ, ನಮ್ಮಲ್ಲಿ ಅ-ಕಾರ ಹ-ಕಾರ ತಪ್ಪಿದವರನ್ನು ಆಡಿಕೊಂಡ ಹಾಗೆ. ಗಂಡಸರಿಗೆ ಈ ತಾಪತ್ರಯ ಇಲ್ಲ, ಎರಡಕ್ಕೂ ಒಂದೇ ಖ್ರಪ್. ಆಡುಮಾತಿನಲ್ಲಿ ನಡುವಿನ ರಕಾರವೂ ಸವೆದು ‘ಖಪ್’ ಆಗುತ್ತದೆ.

ವಾರ್ಡಿನಲ್ಲಿ ಇನ್ನೊಂದು ನೋಡಿದೆ. ಕಾಲು ಮುರಿದ ಒಬ್ಬ ಹುಡುಗ, ನಾಲ್ಕೈದು ವರ್ಷದವನು. ಅವನ ತಾಯಿ ನರ್ಸಿನ ಜೊತೆ ಮಾತಾಡುವಾಗ ಖಾ ಅನ್ನುತ್ತಿದ್ದಳು, ಮಗನ ಕಡೆ ತಿರುಗಿದ ಕೂಡಲೇ ಖ್ರಪ್ ಅನ್ನುತ್ತಿದ್ದಳು. ನನಗೆ ತಲೆ ಕೆಟ್ಟಿತು. ಕೇಳಿದರೆ, ಗಂಡುಮಗ ಕಲಿಯಲಿ ಅಂತ ತಾಯಂದಿರು ಅವನ ಪರವಾಗಿ ಅವನ ಮಾತನ್ನೇ ಆಡುತ್ತಾರಂತೆ. ಅಪ್ಪಂದಿರು ಸಣ್ಣ ಹೆಣ್ಣುಮಗಳ ಜೊತೆ ಮುದ್ದಿನಿಂದ ಖಾ ಅನ್ನುವುದೂ ಉಂಟು.

ಇದನ್ನೆಲ್ಲ ಬಿಡಿಸಿ ಹೇಳಿದಾಕೆ ಭಾವನ ಖೋಲಿ ಇದ್ದ ಕಟ್ಟಡದ ಕೆಳಗೆ ಅಂಗಡಿ ಇಟ್ಟಿದ್ದ ಹೆಂಗಸು. ಮೊದಲು ಪ್ರವಾಸಿಗರ ಹೋಟೆಲಿನಲ್ಲಿ ದುಡಿದಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ‘ಪೀ’ ಅನ್ನಬೇಕಿತ್ತು, ಅಂದರೆ ಅಕ್ಕ. ಅವರು ನನಗೆ ‘ನೋಂಗ್’ ಅನ್ನುತ್ತಿದ್ದರು, ಅಂದರೆ ತಮ್ಮ. ಸಂಬಂಧ ಹಚ್ಚಿ ಕರೆಯುವುದರಲ್ಲಿ ಅವರು ನಮ್ಮವರೇ.

ಮಾಲೀಕನಿಗೆ ಫೋನ್ ಹಚ್ಚಿದ್ದು ಪೀ ಅಂಗಡಿಯಿಂದಲೇ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳುವುದು, ಪೀ ಅದನ್ನು ಥಾಯ್ ಮಾಡುವುದು, ಆ ಕಡೆಯಿಂದ ಖ್ರಪ್ ಬರುವುದು. ಭಾವನ ಕೈ ಸುಟ್ಟಿದೆ, ಖ್ರಪ್. ಬಿಲ್ಲು 38,000 ಬಾತ್ ಆಗಿದೆ, ಖ್ರಪ್. (ಬಾತ್ ಒಂದಕ್ಕೆ ಆಗ ಎರಡೂವರೆ ರೂಪಾಯಿ ಹಿಡಿದರೆ 95,000 ರೂಪಾಯಿ.) ಅಷ್ಟು ನಾವು ಕೊಡಲಾರೆವು, ನೀವೇ ಕೊಡಬೇಕು ಅಂತ ನಮ್ಮ ಬೇಡಿಕೆ, ಖ್ರಪ್. ಎರಡು ತಿಂಗಳ ಪಗಾರ ಬಾಕಿ ಇದೆ, ಖ್ರಪ್ ಖ್ರಪ್. ಎಂಥ ಸಭ್ಯ ಮನುಷ್ಯ ಅಂದುಕೊಂಡೆ. ಆಮೇಲೆ ಅಕ್ಕನಿಗೆ ಫೋನ್ ಮಾಡಿದ ಕಥೆ ಆಗಲೇ ಹೇಳಿದೆ.

ಮರುದಿನ ದವಾಖಾನೆಯ ಕೌಂಟರಿನಲ್ಲಿ ವಿಚಾರಿಸಿದರೆ ಯಾರೂ ದುಡ್ಡು ಕಟ್ಟಿರಲಿಲ್ಲ, ಕಟ್ಟುತ್ತೇನೆ ಅಂತ ಹೇಳಿಯೂ ಇರಲಿಲ್ಲ. ಸಿಟ್ಟು ಬಂತು. ಪೀ ಹತ್ತಿರ ಹೋಗಿ, ಒಪ್ಪಿಕೊಂಡು ಮಾತು ತಪ್ಪಿದ ಅಂದೆ. ಅವರಿಗೆ ಆಶ್ಚರ್ಯ. ಅವರು ಯಾವಾಗ ಒಪ್ಪಿದರು ಅಂತ ನನ್ನನ್ನೇ ಕೇಳಿದರು.

ಮುಖ್ಯವಾದ ಕರೆಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು ನನ್ನ ಕಸುಬಿನ ಚಟ. ಅಂಗಡಿಯ ಬೆಂಚಿನ ಮೇಲೆ ಕೂತು ಇಬ್ಬರೂ ಅದನ್ನು ಮೊದಲಿಂದ ಕೇಳಿದೆವು. ಎಣಿಸಿದ್ದೂ ಆಗಲೇ, 14 ಬಂತು. ಮೊದಲನೆಯದು ನಮಸ್ಕಾರಕ್ಕೆ ನಮಸ್ಕಾರ. ಎರಡನೆಯದು, ಯಾರು ಮಾತಾಡೋದು ಅಂತ ಗೊತ್ತಾಯ್ತು ಅಂತ. ನಡುವಿನವು ಹೆಚ್ಚಿನವೆಲ್ಲ ಬರೀ ಕಿವಿಯ ಗುರುತು. ಹಾಂ, ಕೇಳ್ತಾ ಇದೀನಿ, ಮುಂದೆ ಹೇಳಿ, ಅಷ್ಟೇ. ಖ್ರಪ್ ಹುಟ್ಟಿದ್ದು ‘ಖೋ ರಪ್’ ಅನ್ನುವ ಹಳೆಯ ವಿನಯದ ಮಾತು ಸವೆದು ಅನ್ನುತ್ತಾರೆ. ರಪ್ ಅಂದರೆ ಪಡೆದುಕೊಳ್ಳುವುದು, ಸ್ವೀಕರಿಸುವುದು. ಟಪಾಲಿನವನು ತಂದದ್ದಕ್ಕೆ ಸಹಿ ಹಾಕಿ ತೆಗೆದುಕೊಂಡ ಹಾಗೆ, ಮಾತು ಮುಟ್ಟಿತು ಅಂತ. ಒಳಗಿನ ಕಾಗದದಲ್ಲಿ ಏನಿದೆಯೋ ಅದಕ್ಕೆ ಸಹಿ ಹಾಕಿದ ಹಾಗಲ್ಲ.

ಹಾಗಾದರೆ ಖ್ರಪ್ ಎಂದೂ ಹೌದು ಆಗುವುದೇ ಇಲ್ಲವೇ ಅಂದರೆ, ಆಗುತ್ತದೆ. ಹೌದೋ ಅಲ್ಲವೋ ಅನ್ನುವ ನೇರ ಪ್ರಶ್ನೆಗೆ ಬರೀ ಖ್ರಪ್ ಅಂದರೂ ಹೌದು ಅಂತಲೇ. ಆದರೆ ಹೇಳಿಕೆಗೆ ಬಂದ ಖ್ರಪ್ ಬರೀ ‘ಹೂಂ’. ರೆಕಾರ್ಡಿಂಗಿನಲ್ಲಿ ನನ್ನ ಮಾತು ಕೇಳಿ ನನಗೇ ನಾಚಿಕೆಯಾಯಿತು. ಕೊಡಬೇಕು ಅಂತ ನಮ್ಮ ಬೇಡಿಕೆ, ನಮ್ಮದು ಬಡ ಕುಟುಂಬ, ಮಕ್ಕಳಿದ್ದಾರೆ. ಎಲ್ಲವೂ ಹೇಳಿಕೆ. ಕೊಡುತ್ತೀರಾ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಕೊಡೋದಿಲ್ಲವಾ ಅಂತ ತಿರುಗಿಸಿ ಕೇಳುವುದೂ ಅಪಾಯ ಅಂತ ಪೀ ಹೇಳಿದರು. ಅದಕ್ಕೆ ಖ್ರಪ್ ಅಂದರೆ, ನೀವಂದದ್ದು ಸರಿ, ಕೊಡೋದಿಲ್ಲ ಅಂತ ಅರ್ಥ.

ಆ 14ರಲ್ಲಿ ಎರಡು ಖ್ರಪ್ ಒಂಟಿಯಾಗಿರಲಿಲ್ಲ, ಅವುಗಳ ಮುಂದೆ ಮಾತಿತ್ತು. ಒಂದು, ಕೊನೆಯಲ್ಲಿ ಬಂದದ್ದು, ‘ಚ ದೂ ಹಾಯ್ ಖ್ರಪ್’. ನೋಡ್ತೀವ್ರಿ ಅಂತ. ಈ ನೋಡ್ತೀವ್ರಿ ಎಷ್ಟು ತೂಗುತ್ತದೆ ಅನ್ನುವುದು ತಾಲೂಕು ಕಚೇರಿಗೆ ಅಲೆದ ಯಾರಿಗೂ ಹೇಳಿಕೊಡಬೇಕಿಲ್ಲ. ಇನ್ನೊಂದು ‘ಛಾಯ್ ಖ್ರಪ್’. ಛಾಯ್ ಅಂದರೆ ಹೌದು, ಅದು ನಿಜ. ಯಾವ ಮಾತಿಗೆ ಅಂತ ಹಿಂದೆ ಸರಿಸಿ ಕೇಳಿದೆವು. ಎಣ್ಣೆ ಬಿದ್ದದ್ದು ಡ್ಯೂಟಿ ಹೊತ್ತಿನಲ್ಲಿ, ನಿಮ್ಮ ಅಡುಗೆಮನೆಯಲ್ಲೇ ಅಲ್ಲವಾ ಅಂತ ಪೀ ತಾವಾಗಿಯೇ ಕೇಳಿದ್ದರು. ನಮಗೆ ಉಪಯೋಗಕ್ಕೆ ಬರುವ ಒಪ್ಪಿಗೆ ಇಡೀ ಕರೆಯಲ್ಲಿ ಅದೊಂದೇ, ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ನಮ್ಮೂರುಗಳಲ್ಲಿ ಹೂಂಗುಟ್ಟುವುದು ಅಂತ ಇದೆ. ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟದಿದ್ದರೆ ಆಕೆ ಮುಂದೆ ಹೇಳುತ್ತಿರಲಿಲ್ಲ. ರಾಕ್ಷಸ ರಾಜಕುಮಾರಿಯನ್ನು ಹೊತ್ತೊಯ್ದ ಅಂದಾಗ ಹೂಂ ಅಂದರೆ ಅದಕ್ಕೆ ನಮ್ಮ ಒಪ್ಪಿಗೆ ಇತ್ತು ಅಂತೇನಲ್ಲ. ಇಷ್ಟು ಗೊತ್ತಿದ್ದೂ ನಾನು ಮೋಸ ಹೋದದ್ದು ಯಾಕೆ ಅಂತ ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಬೇರೆ ಭಾಷೆ ಅನ್ನುವುದು ಅರ್ಧ ಕಾರಣ. ಉಳಿದ ಅರ್ಧ, ನಾನು ಊರಲ್ಲೂ ಇದನ್ನೇ ಮಾಡಿಕೊಂಡು ಬಂದವನು. ಒಂದು ಬೇಸಿಗೆಯಲ್ಲಿ ಒಂದು ಊರಿನ ಕುಡಿಯುವ ನೀರಿನ ಸಲುವಾಗಿ ಒಬ್ಬ ಅಧಿಕಾರಿಯನ್ನು ಕಂಡಿದ್ದೆ. ಅವರು ಕಡತ ನೋಡುತ್ತಲೇ “ಆತ್ರಿ, ಆತ್ರಿ” ಅಂದಿದ್ದರು. ನಾನು ‘ಕೊಳವೆಬಾವಿ ಕೊರೆಸಲು ಅಧಿಕಾರಿ ಒಪ್ಪಿಗೆ’ ಅಂತ ಸುದ್ದಿ ಕಳಿಸಿದೆ, ಜಿಲ್ಲಾ ಪುಟದಲ್ಲಿ ಬಂತು. ಮಳೆಗಾಲ ಮುಗಿದ ಮೇಲೆ ಅದೇ ಊರಿನ ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, “ಒಪ್ಪ್ಯಾರಂತ ನೀವ ಬರ್ದಿದ್ರೆಲ್ರಿ” ಅಂದಿದ್ದರು. ಆ ಅಧಿಕಾರಿಯ ಮೇಲೆ ಸಿಟ್ಟು ಮಾಡಿಕೊಂಡಿದ್ದೆನೇ ಹೊರತು ಆ ‘ಆತ್ರಿ’ಯನ್ನು ಒಪ್ಪಿಗೆ ಮಾಡಿದವನು ನಾನು ಅಂತ ಅನಿಸಿರಲಿಲ್ಲ.

ಎರಡು ದಿನ ಬಿಟ್ಟು ಮಾಲೀಕನನ್ನು ಮುಖಾಮುಖಿ ಕಂಡೆವು, ಮಧ್ಯಾಹ್ನದ ಊಟದ ಗಿರಾಕಿ ಖಾಲಿಯಾಗಿ ಸಂಜೆಯದು ಶುರುವಾಗುವ ಮುಂಚೆ. ಈ ಸಲ ಪೀ ನನಗೆ ಎರಡು ಪದ ಹಿಡಿಯಲು ಹೇಳಿದ್ದರು. ಆಗುತ್ತದೆ ಅನ್ನುವುದಕ್ಕೆ ‘ದಾಯ್’. ಆಗುತ್ತದಾ ಅಂತ ಕೇಳಲು ‘ದಾಯ್ ಮಾಯ್’. ಆಗುವುದಿಲ್ಲ ಅನ್ನಲು ‘ಮಾಯ್ ದಾಯ್’. ಕನ್ನಡದಲ್ಲಿ ಬರೆದರೆ ಎರಡು ಮಾಯ್ ಒಂದೇ ಥರ ಕಾಣುತ್ತವೆ, ಅವರ ದನಿಯಲ್ಲಿ ಬೇರೆ ಬೇರೆ. ನನಗೆ ದನಿ ಹಿಡಿಯಲು ಆಗಲಿಲ್ಲ. ಮಾಯ್ ಮುಂದೆ ಬಂತೋ ಹಿಂದೆ ಬಂತೋ ಅಷ್ಟನ್ನೇ ನೋಡಿಕೊಂಡೆ.

ದವಾಖಾನೆಯ ಬಿಲ್ಲು ಪೂರ್ತಿ ಕಟ್ಟಲು ದಾಯ್ ಮಾಯ್ ಖಾ ಅಂತ ಪೀ ಕೇಳಿದರು. ಆತ ಬಿಲ್ಲಿನ ಕಾಗದ ತಿರುವಿ ನೋಡಿದ. ಖ್ರಪ್ ಅಂದ. ಪೀ ಸುಮ್ಮನೆ ಕಾದರು. ಆಮೇಲೆ ಬಂತು, ‘ದಾಯ್ ಖ್ರಪ್’.

ಎರಡು ತಿಂಗಳ ಪಗಾರ ಈಗಲೇ ಕೊಡಲು ದಾಯ್ ಮಾಯ್ ಖಾ? ‘ಮಾಯ್ ದಾಯ್ ಖ್ರಪ್’. ಇಲ್ಲ ಅನ್ನುವಾಗಲೂ ಖ್ರಪ್ ಇದೆ ನೋಡಿ. ಅದು ಇಲ್ಲವನ್ನು ಅರ್ಧ ಹೌದು ಮಾಡುವುದಿಲ್ಲ. ಆಗೋದಿಲ್ಲ, ಆದರೆ ನಿಮ್ಮ ಜೊತೆ ಜಗಳ ಇಲ್ಲ, ಅಷ್ಟೇ ಹೇಳುತ್ತದೆ. ನನಗೆ ತಡೆಯಲಾಗಲಿಲ್ಲ. ಇಂಗ್ಲಿಷಿನಲ್ಲಿ ನಾನೇ ಬಾಯಿ ಹಾಕಿ, ದುಡಿದ ದುಡ್ಡು ಕೊಡಲು ಏನು ಕಷ್ಟ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಆತ ನನ್ನ ಕಡೆ ನೋಡದೆ, ‘ಮಾಯ್ ದಾಯ್’ ಅಂದ. ಖ್ರಪ್ ಇಲ್ಲ.

ಪೀ ಮೇಜಿನ ಕೆಳಗೆ ನನ್ನ ಕೈ ಒತ್ತಿದರು. ಗೆಳೆಯರ ನಡುವೆ, ಮನೆಮಂದಿಯ ನಡುವೆ ಖ್ರಪ್ ಇಲ್ಲದಿದ್ದರೆ ಅದು ಸಲಿಗೆ. ಅಲ್ಲಿಯವರೆಗೆ ಪ್ರತಿ ಮಾತಿಗೂ ಹಚ್ಚಿ, ಆಮೇಲೆ ತಟ್ಟನೆ ಬಿಟ್ಟರೆ ಸಿಟ್ಟು ಬಂದಿದೆ ಅಂತ. ದನಿ ಏರಿರಲಿಲ್ಲ, ಮುಖ ಹಾಗೇ ಇತ್ತು. ಪೀ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ನಾನು ಇನ್ನೂ ಒತ್ತುತ್ತಿದ್ದೆ.

ಆಮೇಲೆ ಪೀ ಮಾತಾಡಿದ್ದು ಬೇರೆ ಧಾಟಿಯಲ್ಲಿ. ಪ್ರತಿ ವಾಕ್ಯದ ಕೊನೆಗೆ ‘ನ ಖಾ’ ಬರುತ್ತಿತ್ತು. ಈ ‘ನ’ ಇನ್ನೊಂದು ಸಣ್ಣ ಪದ. ಆಯ್ತಾ, ಏನಂತೀರಿ, ಸ್ವಲ್ಪ ನೋಡಿ ಅಂತ ಮಾತನ್ನು ಮೆತ್ತಗೆ ಮಾಡುತ್ತದೆ. ನಾವು “ಒಂದೀಟ ನೋಡ್ರಲಾ” ಅನ್ನುವ ಹಾಗೆ. ಖ್ರಪ್, ಖಾ ಮರ್ಯಾದೆ ತರುತ್ತವೆ, ಆದರೆ ಅವು ತಾವಾಗಿಯೇ ಸಿಹಿ ಅಲ್ಲ. ಪೊಲೀಸಿನವನು ದಂಡ ಬರೆಯುವಾಗಲೂ ಖ್ರಪ್ ಅನ್ನಬಹುದು. ಸಿಹಿ ಮಾಡುವುದು ಈ ನ. ಬರೀ ನ ಹಚ್ಚಿ ಖಾ ಬಿಟ್ಟರೆ ಸಲಿಗೆ ಹೆಚ್ಚಾಗುತ್ತದೆ, ಎರಡೂ ಸೇರಿದರೆ ಅಪರಿಚಿತರ ಹತ್ತಿರವೂ ಬೇಡಿಕೊಳ್ಳಬಹುದು. ನಾಲ್ಕೈದು ‘ನ ಖಾ’ ಆದ ಮೇಲೆ ಆತನ ಮಾತಿಗೆ ಖ್ರಪ್ ವಾಪಸ್ ಬಂತು. ಒಂದು ತಿಂಗಳ ಪಗಾರ ಈಗ, ಇನ್ನೊಂದು ತಿಂಗಳಿನದು ಆಮೇಲೆ ಮಾತಾಡೋಣ. ಮೊದಲನೆಯದಕ್ಕೆ ‘ದಾಯ್ ಖ್ರಪ್’ ಬಂತು. ಎರಡನೆಯದಕ್ಕೆ ಬಂದದ್ದು ಖ್ರಪ್ ಮಾತ್ರ. ನಾನು ನೋಟ್‌ಬುಕ್ಕಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಂಡೆ.

ಹೊರಡುವ ದಿನ ಬೆಳಿಗ್ಗೆ ಪೀ ಅಂಗಡಿಯ ಮುಂದೆ ಒಬ್ಬ ಭಿಕ್ಷು ನಿಂತು ಮಾತಾಡುತ್ತಿದ್ದರು. ಪೀ ಮಾತುಮಾತಿಗೆ ಖಾ ಅನ್ನುತ್ತಿದ್ದರು. ಅವರು ಖ್ರಪ್ ಅನ್ನುತ್ತಿರಲಿಲ್ಲ. ಆಮೇಲೆ ಕೇಳಿದೆ. ಭಿಕ್ಷುಗಳು ಸಂಸಾರಸ್ಥರ ಜೊತೆ ಮಾತಾಡುವಾಗ ಖ್ರಪ್ ಜಾಗದಲ್ಲಿ ‘ಚರೆನ್ ಪೋನ್’ ಅನ್ನುವುದು ರೂಢಿಯಂತೆ, ಒಳ್ಳೆಯದು ಹೆಚ್ಚಲಿ ಅಂತ. ನಮ್ಮ ಸ್ವಾಮಿಗಳು ಶರಣು ಅಂದವರಿಗೆ ಆಶೀರ್ವಾದ ಹೇಳಿದ ಹಾಗೆ.

ಭಾವನನ್ನು ಕರೆದುಕೊಂಡು ಊರಿಗೆ ಬಂದೆ. ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಬಿಲ್ಲು ಆತ ಕಟ್ಟಿದ. ಒಂದು ತಿಂಗಳ ಪಗಾರವೂ ಬಂತು. ಉಳಿದದ್ದರ ಬಗ್ಗೆ ತಿಂಗಳ ಕೊನೆಗೆ ಪೀ ಆತನಿಗೆ ಮೆಸೇಜ್ ಹಾಕಿ ನೆನಪಿಸಿದರು. ಬಂದ ಉತ್ತರದ ಫೋಟೊ ನನಗೆ ಕಳಿಸಿದರು. ಅದರಲ್ಲಿ ಒಂದೇ ಪದ ಇತ್ತು, ಪುಟ್ಟದು, ನಡುವಿನ ರಕಾರ ಬಿಟ್ಟು ಬರೆದದ್ದು. ಖಪ್.

ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಬಂದು ನನ್ನ ಫೋನಿಗೆ ಬಗ್ಗಿದಳು.

“ಏನ್ ಬರ್ದಾನ? ಕೊಡ್ತಾನಂತೇನೋ ತಮ್ಮಾ?”

“ಕೇಳ್ಯಾನಂತಕ್ಕಾ,” ಅಂದೆ.